ಡೈರೆಕ್ಟರ್ ಮೇಡಂಗೆ ಹತ್ತು ನಿಮಿಷ ಕೇಳಿದ ಮೇಲ್

1/5

ನಮ್ಮ ಬಿ.ಕಾಂ. ಕ್ಲಾಸ್‌ನ ಮೂರು ಜನ ಈ ತಿಂಗಳು ಕೆಲಸಕ್ಕೆ ಸೇರಿದ್ದಾರೆ. ಮೂವರೂ ಬೇರೆ ಬೇರೆ ದಿನ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದ್ರು: "ದೊಡ್ಡವರ ಹತ್ರ ಮಾತಾಡೋಕೆ ಟೈಮ್ ಕೇಳೋದು ಹೆಂಗೆ ಕಣೇ?" ಕಾಲೇಜಲ್ಲಿ ಅಟೆಂಡೆನ್ಸ್ ಕೂಗಿದ್ರೆ "ಎಸ್ ಮೇಡಂ" ಅನ್ನೋಕೂ ದನಿ ಬರದಿದ್ದವಳು ನಾನು. ನನ್ನನ್ನೇ ಕೇಳ್ತಿದ್ದಾರಲ್ಲ ಅಂತ ನಗು ಬಂತು. ಆದ್ರೆ 2024ರ ಏಪ್ರಿಲ್‌ನಲ್ಲಿ ನಾನು ಅಂಥ ಒಂದು ಮೇಲ್ ಬರೆದಿದ್ದೆ. ಅದರ ಕಥೆನೇ ಹೇಳ್ತೀನಿ, ಐದು ಫೋಟೋಗೆ ಐದು ತುಂಡು. ಫೋಟೋಗಳಿಗೂ ಕಥೆಗೂ ಅಂಥ ಸಂಬಂಧ ಇಲ್ಲ, ಸುಮ್ನೆ ನಮ್ಮ ಬಳ್ಳಾರಿ ನೋಡ್ಕೊಳ್ಳಿ.

ಕೆಲಸ ಇದ್ದದ್ದು ಕಂಟೋನ್ಮೆಂಟ್ ಕಡೆ, ಕೌಲ್ ಬಜಾರ್‌ಗೆ ಹತ್ತಿರದ ಒಂದು ಜೀನ್ಸ್ ಫ್ಯಾಕ್ಟರಿಯಲ್ಲಿ. ಬ್ರಿಟಿಷರ ಪಲ್ಟನ್ ಇಲ್ಲಿ ಇದ್ದ ಕಾಲಕ್ಕೆ ಸಿಪಾಯಿಗಳ ಬಟ್ಟೆ ಹೊಲಿಯೋರು ಬಂದು ನೆಲೆಸಿದ್ರು, ಆ ಹೊಲಿಗೆನೇ ಮುಂದೆ ಜೀನ್ಸ್ ಆಯ್ತು ಅಂತ ಹಳಬರು ಹೇಳ್ತಾರೆ. ನಾನು ಫೆಬ್ರವರಿಯಲ್ಲಿ ಸೇರಿದ್ದೆ, ಪ್ರೊಡಕ್ಷನ್ ರೆಕಾರ್ಡ್ಸ್‌ಗೆ. ಯಾರು ಯಾವ ಗಂಟೆಯಲ್ಲಿ ಎಷ್ಟು ಪೀಸ್ ಮುಗಿಸಿದ್ರು ಅಂತ ರಿಜಿಸ್ಟರ್‌ನಲ್ಲಿ ಬರೆಯೋದು, ಸಂಜೆ ಕಂಪ್ಯೂಟರ್‌ಗೆ ಹಾಕೋದು. ಆರು ತಿಂಗಳು ಪ್ರೊಬೇಷನ್. ಮನೇಲಿ ನನ್ನ ಸಂಬಳ ಲೆಕ್ಕಕ್ಕೆ ಬಂದಾಗಿತ್ತು.

ಡೈರೆಕ್ಟರ್ ಮೇಡಂ ಬಗ್ಗೆ ಹೇಳ್ಬೇಕಂದ್ರೆ, ಅವರು ಯಾವತ್ತೂ ಜೋರಾಗಿ ಮಾತಾಡಿದ್ದು ನಾನು ಕೇಳಿಲ್ಲ. ಹೆದರಿಕೆ ಅದಕ್ಕೇ. ಕನ್ನಡಕದ ಮೇಲಿಂದ ನೋಡಿ "ಎಷ್ಟು?" ಅಂತಿದ್ರು. ಉತ್ತರ ಗೊತ್ತಿಲ್ಲ ಅಂದ್ರೆ ಫೈಲ್ ವಾಪಸ್ ಕೊಡ್ತಿದ್ರು, ಅಷ್ಟೇ. ಅವರ ಕ್ಯಾಬಿನ್‌ನಿಂದ ಹೊರಗೆ ಬರೋ ಗಂಡಸರು ಕರ್ಚೀಫ್ ತೆಗೆಯೋದು ನೋಡಿದ್ದೆ, ಒಳಗೆ ಏಸಿ ಇದ್ರೂ.

2/5

ಅವರ ಹತ್ರ ಹೋಗೋ ಪ್ರಸಂಗ ಬಂದಿದ್ದು ಫಿನಿಶಿಂಗ್ ಸೆಕ್ಷನ್‌ನಿಂದ. ಹೊಲಿದು, ವಾಷಿಂಗ್ ಆಗಿ ಬಂದ ಪ್ಯಾಂಟ್‌ಗಳಿಗೆ ಅಲ್ಲಿ ಉಳಿದ ದಾರ ಕತ್ತರಿಸ್ತಾರೆ, ಐರನ್ ಮಾಡಿ ಪ್ಯಾಕ್ ಮಾಡ್ತಾರೆ. ದಾರ ಕತ್ತರಿಸೋರು ಎಲ್ಲಾ ಹೆಣ್ಣುಮಕ್ಕಳು, 26 ಜನ. ಅದರಲ್ಲಿ 11 ಜನ ಕುರುಗೋಡಿನಿಂದ ದಿನಾ ಬಸ್ಸಲ್ಲಿ ಬರ್ತಿದ್ರು. ಮೇಲೆ ತಗಡಿನ ಶೀಟು, ಪಕ್ಕದಲ್ಲೇ ಸ್ಟೀಮ್ ಐರನ್ ಟೇಬಲ್‌ಗಳು. ಬಳ್ಳಾರಿ ಬಿಸಿಲು ನಿಮಗೆ ಹೊಸದಲ್ಲ, ಆದ್ರೆ ಹೊರಗಿನದ್ದು ಒಣ ಬಿಸಿಲು, ಬೆವರು ಬಂದಹಾಗೆ ಆರುತ್ತೆ, ಮೈ ಸ್ವಲ್ಪ ತಂಪಾಗುತ್ತೆ. ಆ ಶೆಡ್ಡಲ್ಲಿ ಆವಿ ತುಂಬಿರೋದ್ರಿಂದ ಬೆವರು ಆರೋದೇ ಇಲ್ಲ, ಸುರೀತಾನೇ ಇರುತ್ತೆ. ಫ್ಯಾನ್ ಹಾಕಿದ್ರೆ ಬಿಸಿ ಗಾಳಿನೇ ಸುತ್ತುತ್ತೆ.

ಏಪ್ರಿಲ್ ಎರಡನೇ ವಾರ, ಮಧ್ಯಾಹ್ನ ಮೂರೂವರೆ ಹೊತ್ತಿಗೆ ಕುರುಗೋಡಿನ ಒಬ್ಬ ಅಕ್ಕ ಕೂತಲ್ಲೇ ವಾಲಿದ್ರು. ಹೊರಗೆ ಬೇವಿನ ಮರದ ಕೆಳಗೆ ಮಲಗಿಸಿ, ಒದ್ದೆ ಬಟ್ಟೆ ಹಾಕಿ, ಎಚ್ಚರ ಬಂದ್ಮೇಲೆ ಓಆರ್‌ಎಸ್ ಕುಡಿಸಿದ್ವಿ. ಅರ್ಧ ತಾಸಿಗೆ ಎದ್ದು ಕೂತ್ರು. ಮಾರನೇ ದಿನ ಮತ್ತೆ ಕೆಲಸಕ್ಕೆ ಬಂದ್ರು. "ದಿನಗೂಲಿ ಬಿಟ್ರ ನಡೀತೈತೇನವ್ವಾ" ಅಂದ್ರು ನನಗೆ.

ಅವತ್ತು ಸಂಜೆ ರಿಜಿಸ್ಟರ್ ತುಂಬುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಬೆಳಿಗ್ಗೆ 10ರಿಂದ 1ರವರೆಗೆ ಒಬ್ಬೊಬ್ಬರು ಗಂಟೆಗೆ ಸರಾಸರಿ 34 ಪೀಸ್ ಮುಗಿಸ್ತಿದ್ರು. 3 ಗಂಟೆ ಮೇಲೆ ಅದೇ ಕೈಗಳು 21ಕ್ಕೆ ಇಳೀತಿದ್ವು. ಹಿಂದಿನ ನಾಲ್ಕು ದಿನ ತಿರುವಿ ನೋಡಿದೆ, ಹಂಗೇ ಇತ್ತು. ಫೆಬ್ರವರಿ ಪುಟಗಳಲ್ಲಿ ಆ ಇಳಿತ ಇರಲಿಲ್ಲ. ಅಂದ್ರೆ ಇದು ಊಟದ ನಂತರದ ಜೋಂಪು ಅಲ್ಲ, ಬಿಸಿಲಿನದ್ದೇ.

ಕೆಲಸದ ಟೈಮ್ 9:30ರಿಂದ 6. ಅದನ್ನೇ ಬೆಳಿಗ್ಗೆ 7ರಿಂದ 3:30 ಮಾಡಿದ್ರೆ? ದುಡಿಯೋ ಗಂಟೆ ಅಷ್ಟೇ, ಕೆಟ್ಟ ಹೊತ್ತಿನ ಬಹುಪಾಲು ತಪ್ಪುತ್ತೆ. ಮ್ಯಾನೇಜರ್ ಸರ್‌ಗೆ ಹೇಳಿದೆ. ಕೇಳಿಸಿಕೊಂಡ್ರು. "ಟೈಮಿಂಗ್ ನನ್ನ ಕೈಯಲ್ಲಿಲ್ಲಮ್ಮ, ಮೇಡಮ್ಮೇ ಹೇಳ್ಬೇಕು. ನೀನೇ ಎಣಿಸಿದೀಯ, ನೀನೇ ಕೇಳು" ಅಂದ್ರು.

3/5

ಮೂರು ರಾತ್ರಿ ಡ್ರಾಫ್ಟ್ ಬರೆದೆ. ಮೊದಲನೆಯದು ಫೋನ್‌ನಲ್ಲಿ ಎರಡು ಸ್ಕ್ರೀನ್ ಆಗಿತ್ತು: ತೊಂದರೆ ಕೊಡ್ತಿರೋದಕ್ಕೆ ಕ್ಷಮೆ, ನಾನು ಹೊಸಬಳು, ಬಿಸಿಲು ಬಹಳ, ಅಕ್ಕ ಬಿದ್ದ ಕಥೆ ಪೂರ್ತಿ, ಕೊನೆಗೆ "ಸಮಯವಿದ್ದಾಗ ಭೇಟಿಗೆ ಅವಕಾಶ ಕೊಡಿ". ಇದನ್ನ ಮೇಡಂ ಕ್ಯಾಬಿನ್ ಹೊರಗೆ ಕೂರೋ ಅಣ್ಣನಿಗೆ ತೋರಿಸಿದೆ. ಅವರ ಡೈರಿ ನೋಡ್ಕೊಳ್ಳೋರು ಅವರೇ. ಓದಿ ಕೇಳಿದ್ರು, "ಇದಕ್ಕೆ ಮೇಡಂ ಏನಂತ ಉತ್ತರ ಬರೀಬೇಕು?" ನನಗೆ ಹೊಳೀಲಿಲ್ಲ. "ಸಮಯವಿದ್ದಾಗ ಅಂದ್ರೆ ಯಾವಾಗ? ಎಷ್ಟು ಹೊತ್ತು ಬೇಕು? ಏನು ಹೇಳಿ ಕಳಿಸಬೇಕು ನಿನ್ನ? ಅವರು ಮೇಲ್ ಓದೋದು ಬೆಳಿಗ್ಗೆ ಒಂಬತ್ತೂವರೆಗೆ, ರೌಂಡ್ಸ್‌ಗೆ ಹೋಗೋ ಮುಂಚೆ, ನಿಂತ್ಕೊಂಡು, ಫೋನಲ್ಲಿ. ಬೆರಳಲ್ಲಿ ಒಂದು ಸಲ ಎಳೆದ್ರೆ ಮುಗೀಬೇಕು."

ನಾನು ಕ್ಯಾಲೆಂಡರ್ ಇನ್ವೈಟ್ ಕಳಿಸಲಾ ಅಂತಲೂ ಕೇಳಿದೆ. ಬೇಡವೇ ಬೇಡ ಅಂದ್ರು. ಕೆಳಗಿನವರು ಕೇಳದೇ ಇನ್ವೈಟ್ ಹಾಕಿದ್ರೆ ಮೇಲಿನವರ ದಿನದಲ್ಲಿ ನಾವೇ ಕುರ್ಚಿ ಎಳ್ಕೊಂಡು ಕೂತಂಗೆ. ಮೊದಲು ಮೇಲ್, ಅವರು ಟೈಮ್ ಹೇಳಿದ್ಮೇಲೆ ಇನ್ವೈಟ್.

ಕೊನೆಗೆ ಏಪ್ರಿಲ್ 16, ಮಂಗಳವಾರ, 9:20ಕ್ಕೆ ಹೋದದ್ದು ಇದು:

ವಿಷಯ: ಫಿನಿಶಿಂಗ್ ವಿಭಾಗದ ಬೇಸಿಗೆ ಟೈಮಿಂಗ್ – ನಿಮ್ಮ 10 ನಿಮಿಷ, ಗುರುವಾರ ಅಥವಾ ಶುಕ್ರವಾರ

ಮಾನ್ಯ ಮೇಡಂ,
ನಾನು ಫೆಬ್ರವರಿಯಲ್ಲಿ ಪ್ರೊಡಕ್ಷನ್ ರೆಕಾರ್ಡ್ಸ್‌ಗೆ ಸೇರಿದವಳು. ಫಿನಿಶಿಂಗ್ ವಿಭಾಗದ ಸಮಯವನ್ನು ಏಪ್ರಿಲ್ 22ರಿಂದ ಮೇ 31ರವರೆಗೆ ಬೆಳಿಗ್ಗೆ 7:00ರಿಂದ ಮಧ್ಯಾಹ್ನ 3:30ಕ್ಕೆ ಬದಲಾಯಿಸಬಹುದೇ ಎಂಬ ಬಗ್ಗೆ ನಿಮ್ಮ ನಿರ್ಧಾರ ಬೇಕಿದೆ.
ಮಧ್ಯಾಹ್ನ 3ರ ನಂತರ ಒಬ್ಬರು ಗಂಟೆಗೆ ಮುಗಿಸುವ ಪೀಸ್ 34ರಿಂದ 21ಕ್ಕೆ ಇಳಿಯುತ್ತಿದೆ. ಕಳೆದ ವಾರ ಒಬ್ಬರು ತಲೆಸುತ್ತಿ ಬಿದ್ದರು.
ಗುರುವಾರ ಅಥವಾ ಶುಕ್ರವಾರ ಸಂಜೆ 4ರ ನಂತರ 10 ನಿಮಿಷ ಕೊಟ್ಟರೆ ಒಂದು ಪುಟದ ಲೆಕ್ಕ ತರುತ್ತೇನೆ. ಮ್ಯಾನೇಜರ್ ಸರ್‌ಗೆ ತಿಳಿಸಿದ್ದೇನೆ, ಅವರಿಗೂ ಈ ಮೇಲ್‌ನ ಪ್ರತಿ ಇದೆ.

ಕೊನೆಯ ಸಾಲು ಸಣ್ಣದು ಅನ್ಸುತ್ತೆ, ಆದ್ರೆ ಅದಿಲ್ಲದಿದ್ರೆ ಮೇಡಂ ಮೊದಲು ಮಾಡೋ ಕೆಲಸ ಮ್ಯಾನೇಜರ್‌ನ ಕರೆದು "ಇದೇನು?" ಅಂತ ಕೇಳೋದು. ಅವರಿಗೆ ಗೊತ್ತಿಲ್ಲ ಅಂದ್ರೆ ನನ್ನ ಕಥೆ ಅಲ್ಲಿಗೇ ಮುಗೀತಿತ್ತು. ಇನ್ನು ಅಕ್ಕ ಬಿದ್ದದ್ದನ್ನ ಲೆಕ್ಕ ಆದ್ಮೇಲೆ ಬರೆದಿದ್ದು ನನಗೇ ಕಸಿವಿಸಿ ಅನ್ಸಿತ್ತು, ಈಗಲೂ ಅನ್ಸುತ್ತೆ. ಆದ್ರೆ "ಎಷ್ಟು?" ಅನ್ನೋರಿಗೆ ಬರೀತಿದ್ದೆ.

4/5

ಮಂಗಳವಾರ ಉತ್ತರ ಇಲ್ಲ. ಬುಧವಾರವೂ ಇಲ್ಲ. ಊಟ ಸೇರಲಿಲ್ಲ. ಹೊರಗೆ ಎಲೆಕ್ಷನ್ ಪ್ರಚಾರದ ಆಟೋ ಕೂಗ್ತಾ ಹೋದ್ರೂ ನನಗೆ ಮೇಲ್ ಬಂದ ಸದ್ದೇ ಕೇಳಿದಂಗೆ ಆಗ್ತಿತ್ತು. ಅಣ್ಣ ಹೇಳಿದ್ರು, ಎರಡು ಪೂರ್ತಿ ದಿನ ಬಿಡು, ಆಮೇಲೆ ಅದೇ ಮೇಲ್‌ಗೆ ಒಂದೇ ಸಾಲು ಸೇರಿಸಿ ಕಳಿಸು, ಹೊಸ ಮೇಲ್ ಬರೀಬೇಡ, ಹಳೇದನ್ನ ಅವರು ಹುಡುಕಬಾರದು ಅಂತ. ಆ ಸಾಲು ಬರೆದಿಟ್ಟುಕೊಂಡಿದ್ದೆ. ಬೇಕಾಗ್ಲಿಲ್ಲ. ಗುರುವಾರ 9:34ಕ್ಕೆ ಬಂತು:

"ಇವತ್ತು 4:15. ರಿಜಿಸ್ಟರ್ ತನ್ನಿ."

ಒಳಗೆ ಹೋದಾಗ ಕೂತ್ಕೊಳ್ಳಿ ಅಂದ್ರು. ರಿಜಿಸ್ಟರ್ ಎಳ್ಕೊಂಡು ಅವರೇ ಪುಟ ತಿರುವಿದ್ರು.

"ಯಾರು ಎಣಿಸಿದ್ದು?"
"ನಾನೇ ಮೇಡಂ."
"ಊಟ ಎಷ್ಟು ಗಂಟೆಗೆ?"
"11:30ಕ್ಕೆ ಮೇಡಂ. 1ಕ್ಕೇ ಇಟ್ರೆ ಆರು ಗಂಟೆ ಸತತ ಕೆಲಸ ಆಗುತ್ತೆ."

ಫ್ಯಾಕ್ಟರಿಗಳಿಗೆ ಆಗ 1948ರ ಕಾರ್ಖಾನೆ ಕಾಯ್ದೆ ಇತ್ತು. ಐದು ಗಂಟೆಗಿಂತ ಹೆಚ್ಚು ಹೊತ್ತು ಬಿಡುವಿಲ್ಲದೆ ದುಡಿಸೋ ಹಾಗಿಲ್ಲ, ನಡುವೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕು ಅಂತ ಅದರ 55ನೇ ಸೆಕ್ಷನ್. ಹಿಂದಿನ ರಾತ್ರಿ ಓದಿದ್ದೆ. ಮೇಡಂ ತಲೆ ಎತ್ತಿ ನೋಡಿದ್ರು, ಏನೂ ಅನ್ಲಿಲ್ಲ.

"ಕುರುಗೋಡಿನವರು 7ಕ್ಕೆ ಹೆಂಗೆ ಬರ್ತಾರೆ?"

ಇದನ್ನ ಅವರನ್ನೇ ಕೇಳಿಟ್ಟುಕೊಂಡಿದ್ದೆ. 11 ಜನರಲ್ಲಿ 8 ಜನಕ್ಕೆ ಮೊದಲನೇ ಬಸ್ ಆಗುತ್ತೆ, ಮೂವರಿಗೆ ಸಣ್ಣ ಮಕ್ಕಳು, ಅರ್ಧ ತಾಸು ತಡ ಆಗುತ್ತೆ ಅಂದೆ. ದನಿ ನಡುಗ್ತಿತ್ತು, ಆದ್ರೆ ಅಂಕಿ ನಡುಗಲಿಲ್ಲ.

"ಹಂಗಾದ್ರೆ ಎಲ್ಲರಿಗೂ 7:30. ನಾಲ್ಕಕ್ಕೆ ಬಿಡಿ. ಊಟ 12ಕ್ಕೆ."

ಐರನ್ ಟೇಬಲ್‌ಗಳನ್ನ ಬೇರೆ ಕಡೆ ಹಾಕಬಹುದಾ ಅಂತ ಕೇಳೇಬಿಟ್ಟೆ, ಮೇಲ್‌ನಲ್ಲಿ ಇಲ್ಲದ ಮಾತು ಅದು. "ಸ್ಟೀಮ್ ಲೈನ್ ಕೀಳೋಕೆ ಆಗಲ್ಲ" ಅಂದ್ರು. ಎರಡು ಎಕ್ಸಾಸ್ಟ್ ಫ್ಯಾನ್ ಬರೆಸಿದ್ರು. ಗಡಿಯಾರ ನೋಡಿದ್ರೆ 4:23.

5/5

ಮೇಡಂ ಹೂಂ ಅಂದ ಮಾತ್ರಕ್ಕೆ ಸೋಮವಾರ ಟೈಮ್ ಬದಲಾಗಲ್ಲ ಅನ್ನೋದು ಆಮೇಲೆ ಗೊತ್ತಾಯ್ತು. ಕೆಲಸದ ಅವಧಿಯ ನೋಟಿಸ್ ಫ್ಯಾಕ್ಟರಿಯಲ್ಲಿ ಹಾಕಿರಬೇಕು, ಅದನ್ನ ಬದಲಾಯಿಸೋ ಮುಂಚೆ ಕಾರ್ಖಾನೆ ಇನ್‌ಸ್ಪೆಕ್ಟರ್‌ಗೆ ಎರಡು ಪ್ರತಿಯಲ್ಲಿ ತಿಳಿಸಬೇಕು ಅಂತ ಅದೇ ಕಾಯ್ದೆಯ 61ನೇ ಸೆಕ್ಷನ್. ಮ್ಯಾನೇಜರ್ ಸರ್ ಶುಕ್ರವಾರವೇ ಪತ್ರ ಕಳಿಸಿದ್ರು. ಟೈಪ್ ಮಾಡಿದ್ದು ನಾನು. ಶನಿವಾರ ಸಂಜೆ ಬೋರ್ಡ್ ಮೇಲೆ ಹೊಸ ನೋಟಿಸ್ ಅಂಟಿಸಿದ್ವಿ.

ಕುರುಗೋಡಿನ ಅಕ್ಕ ಅದರ ಮುಂದೆ ನಿಂತು, "ಏಳೂವರಿ ಅಂದ್ರ ನಾನು ನಾಕಕ್ಕ ಏಳಬೇಕಲ್ಲವ್ವಾ" ಅಂತ ಗೊಣಗಿದ್ರು. ಆಮೇಲೆ "ಬಿಸಿಲಾಗ ಬೀಳೋದಕ್ಕಿಂತ ಚಲೋ ಬಿಡು" ಅಂದ್ರು. ಕೇಳಿದ್ದು ನಾನು ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಲಿಲ್ಲ.

ಮೇ ತಿಂಗಳ ರಿಜಿಸ್ಟರ್‌ನಲ್ಲಿ 2ರಿಂದ 4ರ ಪೀಸ್ 27ಕ್ಕೆ ಬಂತು. 34 ಆಗಲಿಲ್ಲ. ತಗಡಿನ ಶೀಟು ಮೇಲೇ ಇತ್ತಲ್ಲ. ಒಬ್ಬರೂ ಬೀಳಲಿಲ್ಲ, ಆದ್ರೆ ಮೂವರು ಮಕ್ಕಳ ತಾಯಂದಿರಲ್ಲಿ ಒಬ್ಬರು ಮೇ ಮೊದಲ ವಾರದಲ್ಲಿ ಕೆಲಸ ಬಿಟ್ರು, ಬೆಳಗಿನ ಬಸ್ ಆಗ್ಲಿಲ್ಲ ಅವರಿಗೆ. ಆ ಅಂಕಿನೂ ಮೇಡಂಗೆ ಬರೆದೆ. ಯಾಕಂದ್ರೆ ಅವತ್ತು ಎದ್ದು ಹೊರಡುವಾಗ ಅವರು ಹೇಳಿದ್ರು, "ಪ್ರತಿ ಶನಿವಾರ ಎರಡು ಸಾಲು ಕಳಿಸಿ."

ಹಂಗಾಗಿ ಒಂದು ಮೇಲ್ ಬರೆಯೋಕೆ ಮೂರು ರಾತ್ರಿ ತಗೊಂಡವಳು ಆ ಬೇಸಿಗೆಯಲ್ಲಿ ಮೇಡಂಗೆ ಇನ್ನೂ ಆರು ಮೇಲ್ ಬರೆದೆ. ನಾಲ್ಕಕ್ಕೆ ಉತ್ತರ ಬರಲಿಲ್ಲ. ಒಂದಕ್ಕೆ "ಸರಿ" ಅಂತ ಬಂತು. ಇನ್ನೊಂದಕ್ಕೆ, "21 ಅಲ್ಲ, 22. ಮತ್ತೆ ಎಣಿಸಿ." ಎಣಿಸಿದೆ. 21ನೇ ಇತ್ತು. ಅದನ್ನೂ ಬರೆದು ಕಳಿಸಿದೆ.

#ಬಳ್ಳಾರಿ #ಕಂಟೋನ್ಮೆಂಟ್ #ಕುರುಗೋಡು #ಮೊದಲಕೆಲಸ