ಮೊದಲು ಎಫ್‌ಸಿ ನೋಡಿ

ಹಿಂದೂಪುರದಲ್ಲೋ ಕಲ್ಯಾಣದುರ್ಗದಲ್ಲೋ ಹಳೆಯ ಟಾಟಾ ಏಸ್ ಕೊಳ್ಳಲು ಹೋದರೆ ನಾವು ಟೈರ್ ಒದ್ದು ನೋಡುತ್ತೇವೆ, ಇಂಜಿನ್ ಸದ್ದು ಕೇಳುತ್ತೇವೆ. ಅದಕ್ಕೂ ಮೊದಲು ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿ ಎಫ್‌ಸಿ, ಇನ್ಶೂರೆನ್ಸ್, ಪೊಲ್ಯೂಷನ್ ಮೂರರ ಕೊನೆಯ ದಿನಾಂಕ ನೋಡಿ.

ಮೂರರಲ್ಲಿ ಎಫ್‌ಸಿಯೇ ಮುಖ್ಯ. ಹೊಗೆ ತಪಾಸಣೆ ಅರ್ಧ ಗಂಟೆಯ ಕೆಲಸ, ಇನ್ಶೂರೆನ್ಸ್ ದುಡ್ಡು ಕಟ್ಟಿದರೆ ಸಿಗುತ್ತದೆ. ಎಫ್‌ಸಿಗೆ ಮಾತ್ರ ಬ್ರೇಕು, ಲೈಟು, ಸ್ಟೀರಿಂಗ್ ಎಲ್ಲ ಪಾಸಾಗಬೇಕು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. 2015ರ ಗಾಡಿಯ ಎಫ್‌ಸಿ ಮುಗಿದು ತಿಂಗಳುಗಳಾಗಿದ್ದರೆ ರಿಪೇರಿ ಖರ್ಚು ನಿಮ್ಮ ತಲೆಗೆ ಬರುತ್ತದೆ ಎಂದೇ ಲೆಕ್ಕ. "ನಾಳೆ ಮಾಡಿಸಿಕೊಡ್ತೀನಿ ಅಣ್ಣಾ" ಅಂದರೆ, ಮಾಡಿಸಿದ ಮೇಲೆಯೇ ಉಳಿದ ದುಡ್ಡು ಕೊಡಿ.

ಮೋಟಾರು ವಾಹನ ಕಾಯ್ದೆಯ 56ನೇ ಕಲಮಿನ ಪ್ರಕಾರ ಎಫ್‌ಸಿ ಇಲ್ಲದ ಸಾರಿಗೆ ವಾಹನದ ನೋಂದಣಿಯೇ ಸಿಂಧುವಲ್ಲ. ಅಪಘಾತವಾದರೆ, ಪಾಲಿಸಿ ಚಾಲ್ತಿಯಲ್ಲಿದ್ದರೂ ವಿಮಾ ಕಂಪನಿ ಇದನ್ನೇ ಹಿಡಿದು ಪರಿಹಾರದ ಹಣವನ್ನು ಮಾಲೀಕನಿಂದ ವಸೂಲಿ ಮಾಡಲು ನೋಡುತ್ತದೆ.

ಹುಣಸೆಹಣ್ಣು ಹೇರಲು ಒಂದೇ ದಿನಕ್ಕೆ ಬಾಡಿಗೆ ಹಿಡಿದರೂ ದಿನಾಂಕ ನೋಡಿ. ಕೂಲಿಯವರನ್ನು ಸರಕಿನ ಮೇಲೆ ಕೂರಿಸಬೇಡಿ.

ಕೊಂಡವರು 14 ದಿನದೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಬೇಕು. ಆರ್‌ಸಿ ಬದಲಾದರೆ ಪಾಲಿಸಿಯಲ್ಲಿನ ಹೆಸರು ತಾನಾಗಿ ಬದಲಾಗುವುದಿಲ್ಲ.