ಬೆಳಗಿನ ಐದು ಗಂಟೆಯ ಕರೆ

ಕಾಸರಗೋಡಿನ ಉತ್ತರ ಭಾಗದ ಆಸ್ಪತ್ರೆಯೊಂದರಲ್ಲಿ ದಾದಿಯರ ಪಾಳಿಯ ಪಟ್ಟಿ ಬರೆಯುವ ಕೆಲಸ ಬಹುಕಾಲ ನಮ್ಮಿಬ್ಬರದಾಗಿತ್ತು. ಒಬ್ಬರು ಹಿರಿಯ ಸಿಸ್ಟರ್, ಇನ್ನೊಬ್ಬರು ಕಚೇರಿಯ ಗುಮಾಸ್ತರು. ಬೆಳಗಿನ ಪಾಳಿ 7ರಿಂದ 1ರ ವರೆಗೆ, ಮಧ್ಯಾಹ್ನದ್ದು 1ರಿಂದ 7ರ ವರೆಗೆ, ರಾತ್ರಿಯದು 7ರಿಂದ ಮರುದಿನ 7ರ ವರೆಗೆ. ಪಟ್ಟಿ ಎಷ್ಟು ಅಂದವಾಗಿ ಬರೆದರೂ ಬೆಳಗಿನ ಐದು ಗಂಟೆಗೆ ಫೋನು ಬಾರಿಸಿದರೆ ಅದರಲ್ಲೊಂದು ತೂತು ಬಿದ್ದಿತೆಂದೇ ಅರ್ಥ. "ಸಿಸ್ಟರ್, ರಾತ್ರಿಯಿಡೀ ಜ್ವರ, ಏಳಲು ಆಗುತ್ತಿಲ್ಲ" ಎನ್ನುವವರನ್ನು ಗದರಿಸಿ ಪ್ರಯೋಜನವಿಲ್ಲ. ಜ್ವರ ಹೊತ್ತು ವಾರ್ಡಿಗೆ ಬಂದ ದಾದಿ ರೋಗಿಗೂ ಅಪಾಯ. ಅತ್ತ ಹನ್ನೆರಡು ಗಂಟೆ ದುಡಿದ ರಾತ್ರಿಯವರು ವಾರ್ಡನ್ನು ಒಪ್ಪಿಸಿಕೊಳ್ಳುವವರು ಬಾರದೆ ಮನೆಗೆ ಹೋಗುವಂತಿಲ್ಲ.

ಮೊದಲು ನಾವು ಮಾಡಿದ ಪಟ್ಟಿ ಬಹಳ ಸರಳವಾದದ್ದು. ಆಸ್ಪತ್ರೆಗೆ ಯಾರ ಮನೆ ಸಮೀಪವೋ ಅವರ ಹೆಸರು ಮೇಲೆ, ದೂರದವರದು ಕೆಳಗೆ. ಬೇಗ ಬರಬಲ್ಲವರನ್ನು ಮೊದಲು ಕರೆಯಬೇಕೆಂಬುದು ಮೇಲ್ನೋಟಕ್ಕೆ ನ್ಯಾಯವೇ. ಆದರೆ ಅದರ ಫಲವನ್ನು ಉಂಡವರು ಆಸ್ಪತ್ರೆಯ ಹಿಂದಿನ ಓಣಿಯಲ್ಲಿದ್ದ ಒಬ್ಬ ತಾಯಿ. ಒಂದು ಮಳೆಗಾಲದ 14 ಕರೆಗಳಲ್ಲಿ 9 ಅವರ ಮನೆಗೇ ಹೋದವು. ಆಗಸ್ಟಿನ ಹೊತ್ತಿಗೆ ಅವರ ಫೋನು ಬೆಳಿಗ್ಗೆ ಆಫ್ ಆಗಿರತೊಡಗಿತು. ನಾವು ಮನಸ್ಸಿನಲ್ಲಿ ಅವರನ್ನೇ ದೂರಿದೆವು. ಒಂದು ದಿನ ಅವರು ವಾರ್ಡಿನಲ್ಲಿಯೇ ತಲೆ ಸುತ್ತಿ ಕುಳಿತಾಗ, ಹಿಂದಿನ ಹದಿನೈದು ದಿನಗಳಲ್ಲಿ ಅವರಿಗೆ ಒಂದೂ ಪೂರ್ತಿ ರಜೆ ದೊರೆತಿಲ್ಲವೆಂಬುದು ನಮ್ಮದೇ ಹಾಜರಿ ಪುಸ್ತಕದಿಂದ ತಿಳಿಯಿತು. "ನಿಮ್ಮ ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೆ ಬೇರೆ ಯಾರಾದರೂ ಇದ್ದಾರೆಯೇ ಅಕ್ಕಾ?" ಎಂದು ಅವರು ಕೇಳಿದ್ದು ಈಗಲೂ ಕಿವಿಯಲ್ಲಿದೆ.

ಆ ಬಳಿಕ ಹಳೆಯ ಪುಸ್ತಕಗಳನ್ನು ಹರಡಿಕೊಂಡು ಎಣಿಸಿದೆವು. ಬೆಳಗಿನ ಪಾಳಿಗೆ 12 ಮಂದಿ. ಒಬ್ಬೊಬ್ಬರು ಸುಮಾರು 30 ಪಾಳಿಗೊಮ್ಮೆ ಹಠಾತ್ತಾಗಿ ತಪ್ಪುತ್ತಿದ್ದರು. ಹಾಗಿದ್ದರೆ 30 ಬೆಳಗುಗಳಲ್ಲಿ ಸುಮಾರು 20ರಲ್ಲಿ ಯಾರೂ ತಪ್ಪುವುದಿಲ್ಲ, 8ರಲ್ಲಿ ಒಬ್ಬರು, ಉಳಿದ 2ರಲ್ಲಿ ಇಬ್ಬರು ಅಥವಾ ಹೆಚ್ಚು. ಮೀಸಲಿಗೆ ಒಬ್ಬರಿದ್ದರೆ ತಿಂಗಳಲ್ಲಿ 28 ದಿನ ಸಾಗುತ್ತದೆ. ಆದರೆ ಈ ಲೆಕ್ಕ ಒಬ್ಬರ ಕಾಯಿಲೆಗೂ ಇನ್ನೊಬ್ಬರ ಕಾಯಿಲೆಗೂ ಸಂಬಂಧವಿಲ್ಲವೆಂದು ನಂಬುತ್ತದೆ. ನಮ್ಮ ಮಳೆಗಾಲಕ್ಕೆ ಆ ನಂಬಿಕೆ ಸಲ್ಲದು. ಒಂದೇ ಹಾಸ್ಟೆಲಿನ ಮೂವರಿಗೆ ಒಂದೇ ವಾರ ಜ್ವರ ಬರುತ್ತದೆ. ಆದುದರಿಂದ ಜೂನಿನಿಂದ ಆಗಸ್ಟಿನ ವರೆಗೆ ಇಬ್ಬರು, ಉಳಿದ ತಿಂಗಳುಗಳಲ್ಲಿ ಒಬ್ಬರು ಎಂದು ಗೊತ್ತುಮಾಡಿದೆವು.

ಹೊಸ ಏರ್ಪಾಡಿಗೆ ಎರಡು ಮೆಟ್ಟಿಲು. ಮೊದಲನೆಯದು ಸ್ಟ್ಯಾಂಡ್‌ಬೈ. ಆ ದಿನದ ಸ್ಟ್ಯಾಂಡ್‌ಬೈಯವರು ಮನೆಯಲ್ಲೇ ಇರಬಹುದು, ಆದರೆ 5ರಿಂದ 7.30ರ ವರೆಗೆ ಫೋನು ಕೈಯಲ್ಲಿರಬೇಕು, ಕರೆದ ಒಂದೂವರೆ ಗಂಟೆಯೊಳಗೆ ತಲುಪಬೇಕು. ಕರೆಯದಿದ್ದರೂ ಚಿಕ್ಕದೊಂದು ಭತ್ಯೆಯುಂಟು. ಕರೆದರೆ ಆ ಆರು ಗಂಟೆ ಅದೇ ತಿಂಗಳಲ್ಲಿ ರಜೆಯಾಗಿ ಹಿಂತಿರುಗುತ್ತದೆ. ರಾತ್ರಿ ಪಾಳಿ ಮುಗಿಸಿದವರನ್ನೂ ಆ ದಿನ ರಾತ್ರಿ ಪಾಳಿಗೆ ಹೋಗಬೇಕಾದವರನ್ನೂ ಇಲ್ಲಿ ಸೇರಿಸುವಂತಿಲ್ಲ.

ಎರಡನೆಯ ಮೆಟ್ಟಿಲು ಕರೆಯ ಪಟ್ಟಿ. ರಜೆಯ ದಿನವೂ ಬರಲು ಒಪ್ಪಿ ತಾವಾಗಿ ಹೆಸರು ಕೊಟ್ಟವರು ಮಾತ್ರ ಇದರಲ್ಲಿ. ಬಂದವರ ಹೆಸರು ಅದೇ ದಿನ ಪಟ್ಟಿಯ ಬುಡಕ್ಕಿಳಿಯುತ್ತದೆ. "ಇಂದು ಆಗದು" ಎಂದವರು ಇದ್ದಲ್ಲಿಯೇ ಇರುತ್ತಾರೆ. ಅವರನ್ನೂ ಕೆಳಗಿಳಿಸಿದರೆ ಒಲ್ಲೆ ಎಂದವರಿಗೂ ಬಂದವರಿಗೂ ಭೇದವಿರದು. ಮೊದಲು ನಾವು ಹಾಗೆಯೇ ಮಾಡಿ ಪೆಟ್ಟು ತಿಂದೆವು. ಒಲ್ಲೆ ಎಂದುದಕ್ಕೆ ಶಿಕ್ಷೆಯಿಲ್ಲ. ಮೂರು ಬಾರಿ ಒಲ್ಲೆ ಎಂದವರನ್ನು ಮಧ್ಯಾಹ್ನದ ಬಿಡುವಿನಲ್ಲಿ ಬದಿಗೆ ಕರೆದು, ಹೆಸರು ಇರಲೇ, ತೆಗೆಯಲೇ ಎಂದು ಕೇಳುತ್ತಿದ್ದೆವು. ಹಲವರು ನೆಮ್ಮದಿಯಿಂದ ತೆಗೆಸಿಕೊಂಡರು. ಪಟ್ಟಿ ಚಿಕ್ಕದಾದರೂ ಗಟ್ಟಿಯಾಯಿತು.

ಒಂದು ಜುಲೈ ತಿಂಗಳ ಮಂಗಳವಾರ ಇದೆಲ್ಲ ಪರೀಕ್ಷೆಗೆ ಬಂದಿತು. 4.50ಕ್ಕೆ ಶಸ್ತ್ರಚಿಕಿತ್ಸೆಯ ವಾರ್ಡಿನವರೊಬ್ಬರಿಗೆ ಜ್ವರವೆಂದು ಫೋನು. ರಾತ್ರಿಯ ಮೇಲ್ವಿಚಾರಕಿ 5 ಹೊಡೆದೊಡನೆ ಮೊದಲನೆಯ ಸ್ಟ್ಯಾಂಡ್‌ಬೈಯವರನ್ನು ಎಬ್ಬಿಸಿದರು. 5.10ಕ್ಕೆ ಹೆರಿಗೆ ವಾರ್ಡಿನಿಂದ ಎರಡನೆಯ ಸುದ್ದಿ, ವಾಂತಿ. ಎರಡನೆಯ ಸ್ಟ್ಯಾಂಡ್‌ಬೈಯವರೂ ಹೊರಟರು. ಈಗ ನೋಡಿ, ಹೆರಿಗೆಯ ಕೆಲಸ ಬಲ್ಲವರು ಮೊದಲು ಕರೆದವರು. ಎರಡನೆಯವರಿಗೆ ಅದರ ಅಭ್ಯಾಸವಿಲ್ಲ. "ನೀವು ಶಸ್ತ್ರಚಿಕಿತ್ಸೆಯ ವಾರ್ಡಿಗೆ" ಎಂದು ಮೊದಲನೆಯವರಿಗೆ ಫೋನಿನಲ್ಲಿಯೇ ಹೇಳಿಬಿಟ್ಟಿದ್ದರೆ, ಆಮೇಲೆ ಮಾತು ಬದಲಿಸಿ ಮುನಿಸು ಕಟ್ಟಿಕೊಳ್ಳಬೇಕಾಗುತ್ತಿತ್ತು. ಆದುದರಿಂದಲೇ ನಮ್ಮ ನಿಯಮ: ಬನ್ನಿ ಎಂದಷ್ಟೇ ಕರೆಯುವುದು, ಯಾವ ವಾರ್ಡೆಂಬುದನ್ನು 6.30ಕ್ಕೆ ನಿಶ್ಚಯಿಸುವುದು. 6ಕ್ಕೆ ಮೂರನೆಯ ಕರೆಯೂ ಬಂದಿತು! ಕರೆಯ ಪಟ್ಟಿಯ ಮೊದಲ ಹೆಸರಿಗೆ ಎರಡು ಬಾರಿ ಬಾರಿಸಿದರು, ಉತ್ತರವಿಲ್ಲ. ಐದು ನಿಮಿಷ ಕಾದು ಮುಂದಿನವರಿಗೆ. ಅವರ ಮಗುವಿಗೂ ಜ್ವರ. ಮೂರನೆಯವರು ಕುಂಬಳೆಯಿಂದ, "ಬರುತ್ತೇನೆ, ಆದರೆ ಎಂಟಾದೀತು" ಎಂದರು. ಅಲ್ಲಿಯವರೆಗೆ ರಾತ್ರಿಯವರಲ್ಲಿ ಒಬ್ಬರು ಉಳಿದರು. ಆ ಒಂದು ಗಂಟೆಯನ್ನು ಪುಸ್ತಕದಲ್ಲಿ ಅವರ ಹೆಸರಿಗೆ ಜಮೆ ಮಾಡಿದೆವು.

ಪ್ರತಿ ಕರೆಯ ವೇಳೆಯನ್ನೂ ಉತ್ತರವನ್ನೂ ಆ ಪುಸ್ತಕದಲ್ಲಿಯೇ ಬರೆಯುವುದು ವಾಡಿಕೆ. ಒಂದು "ಬರುತ್ತೇನೆ" ಸಿಗಲು ಎಷ್ಟು ಕರೆ ಬೇಕಾದವು ಎಂಬುದನ್ನು ತಿಂಗಳ ಕೊನೆಗೆ ನೋಡುತ್ತಿದ್ದೆವು. ಎರಡು ಕರೆ ಸಾಕಾಗುತ್ತಿದ್ದಲ್ಲಿ ಆರು ಬೇಕಾದರೆ ಪಟ್ಟಿ ದಣಿದಿದೆ ಎಂದು ತಿಳಿಯಬೇಕು. ಒಮ್ಮೆ ಹಾಗಾದಾಗ ಕಾರಣ ಕಾಯಿಲೆಯಾಗಿರಲಿಲ್ಲ. ಇಬ್ಬರು ಕೆಲಸ ಬಿಟ್ಟಿದ್ದ ಸ್ಥಾನಗಳನ್ನು ಆಡಳಿತದವರು ತುಂಬದೆ, ಹಿಂದಿನ ಸಂಜೆಯೇ ಸ್ಟ್ಯಾಂಡ್‌ಬೈಯವರನ್ನು ಅಲ್ಲಿಗೆ ಹಾಕುತ್ತಿದ್ದರು. ಬೆಳಿಗ್ಗೆ ಕರೆಯಲು ಯಾರೂ ಉಳಿಯುತ್ತಿರಲಿಲ್ಲ. ಖಾಲಿ ಹುದ್ದೆಗೆ ಮೀಸಲನ್ನು ಮುಟ್ಟಕೂಡದೆಂದು ಬರೆದುಕೊಡಲು ನಾವು ಮೂರು ಸಲ ಮೆಟ್ಟಿಲು ಹತ್ತಬೇಕಾಯಿತು.

ಇಷ್ಟೆಲ್ಲ ಆದರೂ 2020ರ ಮಾರ್ಚ್ ತಿಂಗಳಲ್ಲಿ ಪಟ್ಟಿ ಕೈಕೊಟ್ಟಿತು. ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಬಿದ್ದಿತು. ಅಡ್ಡಗಳನ್ನು ತೆರವುಗೊಳಿಸುವಂತೆ ಕೇರಳ ಹೈಕೋರ್ಟು ಏಪ್ರಿಲ್ 1ರಂದು ಆಜ್ಞಾಪಿಸಿತಾದರೂ ಬೆಳಗಿನ ಪಾಳಿ ಕೋರ್ಟಿಗಾಗಿ ಕಾಯುವುದೇ? ಗಡಿಯಾಚೆಯಿಂದ ಬರುತ್ತಿದ್ದ ನಮ್ಮವರು ನಾಲ್ಕೈದು ಕಿಲೋಮೀಟರ್ ಆಚೆಗಿದ್ದೂ ಬಾರದಾದರು. ಆ ರಾತ್ರಿಯೇ ಪಟ್ಟಿಯನ್ನು ಎರಡು ಕಂಬವಾಗಿ ಬರೆದೆವು: ಗಡಿಯ ಈಚೆ, ಗಡಿಯ ಆಚೆ. ಯಾವ ದಿನವೂ ಇಬ್ಬರು ಸ್ಟ್ಯಾಂಡ್‌ಬೈಗಳೂ ಆಚೆಯವರಾಗಕೂಡದು. ದಾರಿ ತೆರೆದ ಮೇಲೂ ಆ ನಡುಗೆರೆಯನ್ನು ನಾವು ಅಳಿಸಲಿಲ್ಲ.

ಓಣಿಯ ಆ ತಾಯಿ ಈಗ ನಿವೃತ್ತರು. ಹೊಸ ಪಟ್ಟಿಯ ಮೊದಲ ವರ್ಷ ಅವರಿಗೆ ಬಂದ ಕರೆಗಳು 4. ನಾಲ್ಕಕ್ಕೂ ಅವರು ಎರಡನೆಯ ರಿಂಗಿಗೇ ಫೋನು ಎತ್ತಿದ್ದರು.