ಮೂವತ್ತು ಸೆಕೆಂಡಿನ ಹಬ್ಬದ ಶುಭಾಶಯ

ಚಾಮರಾಜಪೇಟೆಯಲ್ಲಿರುವ ನಮ್ಮ ಖಾಲಾ ಮನೆಯಲ್ಲೇ ಶಾವಿಗೆ ಒತ್ತಿ, ಒಣಗಿಸಿ, ಹುರಿದು ಮಾರುತ್ತಾರೆ. ಅವರಿಗೆ ಅಂಗಡಿ ಇಲ್ಲ. ಆರ್ಡರ್ ಎಲ್ಲ ವಾಟ್ಸ್‌ಆಪ್‌ನಲ್ಲೇ ಬರುತ್ತದೆ. ಬಸವನಗುಡಿ, ಮಲ್ಲೇಶ್ವರದ ಗ್ರಾಹಕರೇ ಹೆಚ್ಚು. ಅವರೆಲ್ಲ ಖಾಲಾನನ್ನು ‘ಶಾವಿಗೆ ಆಂಟಿ’ ಎಂದು ಕರೆಯುತ್ತಾರೆ. ಆದರೆ ಅವರಲ್ಲಿ ಹೆಚ್ಚಿನವರು ಖಾಲಾನ ಮುಖ ನೋಡಿಲ್ಲ.

2025ರಲ್ಲಿ ಯುಗಾದಿ ಮಾರ್ಚ್ 30ರ ಭಾನುವಾರ ಬಂದಿತ್ತು. ಅದರ ಹಿಂದೆಯೇ ಈದ್. ಈ ಎರಡು ಹಬ್ಬಗಳಿಗೇ ಖಾಲಾ ವರ್ಷವಿಡೀ ಕಾಯುತ್ತಾರೆ. ಗ್ರಾಹಕರಿಗೆ ಒಂದು ವಿಡಿಯೊ ಶುಭಾಶಯ ಕಳಿಸೋಣ ಎಂದರು. ಫಸ್ಟ್ ಪಿಯುಸಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದ ನನಗೆ ಬರೆಯುವ ಕೆಲಸ ಸಿಕ್ಕಿತು.

ಖಾಲಾಗೆ ಒಂದೇ ಅಳುಕು. “ನಮ್ಮ ಮನೆಯಲ್ಲಿ ಉರ್ದು, ನನ್ನ ಕನ್ನಡ ಬೀದಿ ಕನ್ನಡ. ಕೇಳಿದವರು ನಕ್ಕರೆ?” ಹಾಗಾಗಿ ‘ಸಮಸ್ತ ಗ್ರಾಹಕ ಬಾಂಧವರಿಗೆ ಹಾರ್ದಿಕ ಶುಭಾಶಯಗಳು’ ಎಂಬ ಬ್ಯಾನರ್ ಕನ್ನಡವನ್ನು ಮೊದಲೇ ಬದಿಗಿಟ್ಟೆ. ಫೋನಿನಲ್ಲಿ ಗ್ರಾಹಕರ ಜೊತೆ ಅವರು ಹೇಗೆ ಮಾತಾಡುತ್ತಾರೋ ಅದನ್ನೇ ಎರಡು ದಿನ ಕೇಳಿ ಬರೆದುಕೊಂಡೆ. ಅವಸರವಿಲ್ಲದೆ ಮಾತಾಡಿದರೆ ಅವರು ಮೂವತ್ತು ಸೆಕೆಂಡಿನಲ್ಲಿ ಹೇಳುವುದು ಸುಮಾರು ನಲವತ್ತು ಪದ. ಕನ್ನಡದಲ್ಲಿ ಪದಗಳು ಉದ್ದ, ವಿಭಕ್ತಿಯೆಲ್ಲ ಪದಕ್ಕೇ ಅಂಟಿಕೊಂಡಿರುತ್ತದೆ. ಆದ್ದರಿಂದ ಇದಕ್ಕಿಂತ ಹೆಚ್ಚು ತುಂಬಿದರೆ ಓಡಿಸಿಕೊಂಡು ಓದಬೇಕಾಗುತ್ತದೆ.

ಇನ್ನೊಂದು ತೊಡಕು ದಿನಾಂಕದ್ದು. ಯುಗಾದಿಯ ದಿನ ಪಂಚಾಂಗದಲ್ಲಿರುತ್ತದೆ. ಈದ್ ಯಾವತ್ತು ಎಂಬುದು ಹಿಂದಿನ ಸಂಜೆ ಚಾಂದ್ ಕಂಡ ಮೇಲೆಯೇ ಗೊತ್ತಾಗುವುದು. ಸ್ಕ್ರಿಪ್ಟ್‌ನಲ್ಲಿ ‘ಸೋಮವಾರ ಈದ್’ ಎಂದು ಬರೆದು, ಚಾಂದ್ ಕಾಣದಿದ್ದರೆ ಇಡೀ ವಿಡಿಯೊ ವ್ಯರ್ಥ. ಆದರೆ ಎರಡೂ ಹತ್ತಿರ ಬಂದದ್ದಕ್ಕೆ ಕಾರಣವೂ ಆ ಚಂದ್ರನೇ. ಯುಗಾದಿ ಅಮಾವಾಸ್ಯೆ ಕಳೆದ ಪಾಡ್ಯ, ಶವ್ವಾಲ್ ತಿಂಗಳೂ ಹೊಸ ಚಂದ್ರನಿಂದಲೇ ಶುರು. ಯುಗಾದಿ ಮಾಡುವವರೂ ಹಬ್ಬದ ಹೊತ್ತಿಗೆ ಚಂದ್ರನನ್ನು ನೋಡುತ್ತಾರೆ. ಹೀಗಾಗಿ ದಿನಾಂಕದ ಜಾಗದಲ್ಲಿ ಚಂದ್ರನನ್ನು ಇಟ್ಟೆ. ಕೊನೆಗೆ ಉಳಿದದ್ದು ಇಷ್ಟು:

ಒಂದನೇ ಶಾಟ್, ತಾರಸಿಯಲ್ಲಿ ಒಣಗುತ್ತಿರುವ ಶಾವಿಗೆ: “ನಮಸ್ಕಾರ, ಚಾಮರಾಜಪೇಟೆಯಿಂದ ನಿಮ್ಮ ಶಾವಿಗೆ ಆಂಟಿ.”

ಎರಡನೇ ಶಾಟ್, ಖಾಲಾನ ಮುಖ: “ಈ ಸಲ ಯುಗಾದಿ, ಈದ್ ಎರಡೂ ಜೊತೆಗೇ ಬರ್ತಿವೆ. ನೀವು ನೋಡೋದೂ ನಾವು ನೋಡೋದೂ ಒಂದೇ ಚಂದ್ರ. ನಿಮ್ಮನೇಲಿ ಪಾಯಸ, ನಮ್ಮನೇಲಿ ಶೀರ್ ಖುರ್ಮಾ. ಯುಗಾದಿ ಹಬ್ಬದ ಶುಭಾಶಯ, ಈದ್ ಮುಬಾರಕ್.”

ಮೂರನೇ ಶಾಟ್, ಪ್ಯಾಕೆಟ್: “ಶಾವಿಗೆ ಬೇಕಾದವರು ಶುಕ್ರವಾರ ಸಂಜೆ ಆರರೊಳಗೆ ಮೆಸೇಜ್ ಮಾಡಿ. ಶನಿವಾರ ಮನೆಗೆ ಬರುತ್ತೆ.”

ವ್ಯಾಪಾರದ ಮಾತು ಮೂರನೇ ಶಾಟ್‌ನಲ್ಲಿ ಮಾತ್ರ ಇದೆ. ಬೇಕೆಂದೇ ಹಾಗೆ ಮಾಡಿದ್ದು. ಸೋಮವಾರ, ಮಾರ್ಚ್ 24ರಂದು ಪೂರ್ತಿ ವಿಡಿಯೊ ಕಳಿಸಬೇಕು, ಆರ್ಡರ್‌ಗೆ ನಾಲ್ಕು ದಿನ ಸಿಗುತ್ತದೆ. ಹಬ್ಬದ ದಿನ ಮೂರನೇ ಶಾಟ್ ಕತ್ತರಿಸಿ ಬರೀ ಶುಭಾಶಯ ಕಳಿಸಬೇಕು. ಹಬ್ಬದ ದಿನ ಬೆಳಿಗ್ಗೆ ‘ಆರ್ಡರ್ ಮಾಡಿ’ ಎಂದರೆ ಯಾರಿಗೂ ಪ್ರಯೋಜನವಿಲ್ಲ. ಮೇಲಾಗಿ ಶುಭಾಶಯವೂ ಜಾಹೀರಾತಾಗಿಬಿಡುತ್ತದೆ.

ರೋಜಾ ಇದ್ದುದರಿಂದ ಮಧ್ಯಾಹ್ನದ ಹೊತ್ತಿಗೆ ಗಂಟಲು ಒಣಗಿರುತ್ತದೆ, ಇಫ್ತಾರ್ ಆದ ಮೇಲೆ ಬೆಳಕಿರುವುದಿಲ್ಲ. ಬೆಳಿಗ್ಗೆ ಏಳಕ್ಕೆ ಕಿಟಕಿಯ ಎದುರು ಖಾಲಾನನ್ನು ಕೂರಿಸಿ, ಫ್ಯಾನ್ ನಿಲ್ಲಿಸಿ, ಫೋನನ್ನು ಒಂದು ತೋಳು ದೂರದಲ್ಲಿ ನೆಟ್ಟಗೆ ಹಿಡಿದೆ. ಅದಕ್ಕಿಂತ ದೂರ ಹೋದರೆ ಬೀದಿಯ ಆಟೋ ಸದ್ದೇ ಮುಂದೆ ಕೇಳುತ್ತದೆ. ಬಸ್ಸಿನಲ್ಲಿ ಸದ್ದು ಮುಚ್ಚಿ ನೋಡುವವರಿಗಾಗಿ ‘ಶುಕ್ರವಾರ ಸಂಜೆ 6’ ಎಂದು ಪರದೆಯ ಮೇಲೂ ಬರೆದೆ. ಆಮೇಲೆ ಏನೂ ಹೇಳದೆ ಪಕ್ಕದ ಮನೆಯ ಅಜ್ಜಿಗೆ ಒಂದೇ ಸಲ ತೋರಿಸಿ, “ಆರ್ಡರ್ ಯಾವಾಗ ಮುಗಿಯುತ್ತೆ?” ಎಂದು ಕೇಳಿದೆ. ತಟ್ಟನೆ ಸರಿಯಾಗಿ ಹೇಳಿದರು. ಅಲ್ಲಿಗೆ ಸ್ಕ್ರಿಪ್ಟ್ ತಿದ್ದುವುದನ್ನು ನಿಲ್ಲಿಸಿದೆ.

ಕಳಿಸುವಾಗ ಇನ್ನೊಂದು ವಿಷಯ ಗಮನಿಸಬೇಕು. ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ 256 ಜನರನ್ನು ಸೇರಿಸಬಹುದು. ಆದರೆ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಒಂದೇ ಟಿಕ್‌ನಲ್ಲಿ ನಿಂತವರಿಗೆ ಖಾಲಾ ಒಬ್ಬೊಬ್ಬರಿಗೇ ಕಳಿಸಿದರು. ಈಗ ಪ್ರತಿ ಪ್ಯಾಕೆಟ್‌ನಲ್ಲೂ ‘ನಂಬರ್ ಸೇವ್ ಮಾಡಿಕೊಳ್ಳಿ’ ಎಂಬ ಚೀಟಿ ಇಡುತ್ತಾರೆ.

ಭಾನುವಾರ ಸಂಜೆ ಚಾಂದ್ ಕಂಡಿತು. ಖಾಲಾ ಕತ್ತರಿಸಿದ ವಿಡಿಯೊ ಕಳಿಸಿದರು. ಅವರ ಕನ್ನಡ ಕೇಳಿ ಯಾರೂ ನಗಲಿಲ್ಲ. ಮಲ್ಲೇಶ್ವರದ ಗ್ರಾಹಕರೊಬ್ಬರು ಉತ್ತರವಾಗಿ ಒಂದು ಫೋಟೊ ಕಳಿಸಿದ್ದರು: ಬಟ್ಟಲಲ್ಲಿ ಶಾವಿಗೆ ಪಾಯಸ, ಕೆಳಗೆ, “ನಿಮ್ಮ ಮುಖ ಈಗ ನೋಡಿದ ಹಾಗಾಯ್ತು ಆಂಟಿ.”